ಡೋಸ್‌ಗೆ ಮೊದಲು ರಕ್ತ ಯಾಕೆ?

ಜೆಂಟಾಮೈಸಿನ್ ಇಂಜೆಕ್ಷನ್‌ಗೆ ಮೊದಲು
ನರ್ಸ್ ರಕ್ತ ತೆಗೀತಾರಲ್ಲ, ಯಾಕೆ ಗೊತ್ತಾ?

ಈ ಔಷಧಿ ಹೊರಹೋಗೋದು ಮೂತ್ರದಲ್ಲಿ.
ದಾರಿಯಲ್ಲಿ ಒಂದಿಷ್ಟು
ಕಿಡ್ನಿಯ ಕೋಶಗಳೊಳಗೆ ಸೇರಿ ಕೂತುಬಿಡುತ್ತೆ; ಹೆಚ್ಚಾದ್ರೆ ಕಿಡ್ನಿಗೆ ಪೆಟ್ಟು.

ಜಾತ್ರೆ ಜನ ಒಮ್ಮೆಲೇ ಬಂದರೆ
ಚಿಕ್ಕ ಬಾಗಿಲಲ್ಲಿ ಒಳಹೋಗೋರು ಕೆಲವರೇ.
ಉಳಿದವರು ಮುಂದೆ ಸಾಗ್ತಾರೆ.
ಇಡೀ ದಿನ ಇಷ್ಟಿಷ್ಟೇ ಬಂದರೆ?
ಬಹುಪಾಲು ಒಳಗೆ!
ಕಿಡ್ನಿ ಕೋಶದ ಬಾಗಿಲೂ ಹೀಗೇ; ಅದಕ್ಕೇ ಸಾಮಾನ್ಯವಾಗಿ ದಿನಕ್ಕೊಂದೇ ದೊಡ್ಡ ಡೋಸ್.

ಮುಂದಿನ ಡೋಸ್ ಹೊತ್ತಿಗೆ ರಕ್ತದಲ್ಲಿ
ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಉಳಿದಿರಬೇಕು.
2 ಬಂತಾ?
ಡೋಸ್ ತಡೆದು, ಕ್ರಿಯಾಟಿನಿನ್ ನೋಡಿ,
ಅಂತರ ಹೆಚ್ಚಿಸ್ತಾರೆ.

ಮೂತ್ರ ಚೆನ್ನಾಗೇ ಬರ್ತಿದೆಯಲ್ಲ ಅಂತ ನಂಬಬೇಡಿ.
ಕಿಡ್ನಿಗೆ ಪೆಟ್ಟಾದ್ರೂ ಮೂತ್ರ ಕಡಿಮೆಯಾಗದೇ ಇರಬಹುದು.

ಜೊತೆಗೆ ವ್ಯಾಂಕೊಮೈಸಿನ್ ಇದ್ದರೆ ಅಪಾಯ ಇನ್ನೂ ಜಾಸ್ತಿ;
ಅದರ ಮಟ್ಟವನ್ನೂ ನೋಡಬೇಕು.
ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತಗೊಳ್ತಿದ್ರೆ
ಡಾಕ್ಟರಿಗೆ ಮೊದಲೇ ಹೇಳಿ.