ಕಂಪಾಸ್ ಬಾಕ್ಸಿನಲ್ಲಿ ಸೀಟಿ

ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸಿಗೆ ಹೊಸ ಶಾಲೆ ಸೇರಿದ. ಶಾಲೆಯ ತಿರುವು ಬಂದೊಡನೆ ಕಿವಿಯ ಎರಡೂ ಮಷೀನು ತೆಗೆದು ಕಂಪಾಸ್ ಬಾಕ್ಸಿಗೆ ಹಾಕುವನು, ಸಂಜೆ ಅಲ್ಲೇ ನಿಂತು ಮತ್ತೆ ತೊಡುವನು. ತೊಟ್ಟ ದಿನ ಯಾರಿಗೂ ಕಾಣದಿರಲೆಂದು ಕೂದಲನ್ನೂ ಉದ್ದ ಬಿಟ್ಟಿದ್ದ. ಮನೆಯಲ್ಲಿ ನಮಗೆ ಸುಳಿವೇ ಸಿಗಲಿಲ್ಲ.

ಮಷೀನಿಲ್ಲದೆ ಅವನಿಗೆ ಏನೂ ಕೇಳಿಸದು ಅಂತಲ್ಲ. ದನಿ ಕೇಳುತ್ತದೆ, ಮಾತು ಬಿಡಿಯಾಗಿ ಸಿಗುವುದಿಲ್ಲ. ಅ, ಉ ಥರದ ಸ್ವರಗಳು ದಪ್ಪ ದನಿಯವು, ಕಿವಿಗೆ ಮುಟ್ಟುತ್ತವೆ. ಸ, ಶ, ತ, ಕ ಇವುಗಳ ಸಣ್ಣ ಚೂಪು ಸದ್ದು ಜಾರಿಹೋಗುತ್ತದೆ. ಹಾಗಾಗಿ 'ಕಪ್ಪು' ಅಂದರೂ 'ತಪ್ಪು' ಅಂದರೂ ಅವನಿಗೆ ಹೆಚ್ಚುಕಡಿಮೆ ಒಂದೇ. ತುಟಿ ನೋಡಿ ಊಹಿಸೋಣವೆಂದರೆ ಈ ಎರಡು ಅಕ್ಷರಕ್ಕೆ ತುಟಿಯೂ ಸಾಕ್ಷಿ ಹೇಳದು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರಂತೂ ಮುಗಿಯಿತು. ಕ್ಲಾಸು ನಕ್ಕಾಗ ಇವನೂ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ದಿನವಿಡೀ ಊಹಿಸಿ ಊಹಿಸಿ ಸಂಜೆ ಬಂದವನೇ ಮಲಗಿಬಿಡುತ್ತಿದ್ದ. ನಾವು ವಯಸ್ಸಿನ ಸೋಮಾರಿತನ ಅಂದುಕೊಂಡೆವು.

ಗುಟ್ಟು ಬಿಟ್ಟುಕೊಟ್ಟದ್ದು ಮಷೀನೇ. ಒಂದು ದಿನ ಬ್ಯಾಟರಿಯ ಪುಟ್ಟ ಬಾಗಿಲು ತೆರೆಯುವುದನ್ನು ಮರೆತು ಹಾಗೇ ಬಾಕ್ಸಿಗೆ ಹಾಕಿದ್ದ. ಬಾಗಿಲು ತೆರೆದರೆ ಮಾತ್ರ ಅದು ಆಫ್. ಮುಚ್ಚಿದ ಡಬ್ಬಿಯಲ್ಲಿ ಮಷೀನು ಹೊರಡಿಸಿದ ಸದ್ದು ಅದರದೇ ಮೈಕಿಗೆ ಮರಳಿ ಹೋಗಿ ಕುಯ್ಯೆನ್ನುತ್ತದೆ, ಮದುವೆ ಛತ್ರದಲ್ಲಿ ಮೈಕು ಸ್ಪೀಕರಿನ ಮುಂದೆ ಬಂದಾಗ ಆಗುವಂತೆ. ಟೆಸ್ಟ್ ನಡೆಯುತ್ತಿತ್ತು, ಕ್ಲಾಸು ನಿಶ್ಶಬ್ದ. ಯಾರೋ ಮೊಬೈಲು ತಂದಿದ್ದಾರೆಂದು ಎಲ್ಲರೂ ಹುಡುಕತೊಡಗಿದರು. ಅಷ್ಟು ಸಣ್ಣ ದನಿಯ ಸೀಟಿ ಕೇಳಿಸದೆ ತಲೆ ಬಗ್ಗಿಸಿ ಬರೆಯುತ್ತಿದ್ದವನು ಇವನೊಬ್ಬನೇ.

ಪಕ್ಕದ ಹುಡುಗ ಬಾಕ್ಸು ತೆರೆದ. "ಇದೇನೋ?" ಅಂದ. ಇವನಿಗೆ ಅದೂ ಕೇಳಿಸಲಿಲ್ಲವಂತೆ, ಮುಖ ನೋಡಿ ಅರ್ಥವಾಯಿತಂತೆ.

ಆಮೇಲೆ ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಒಂದು ವಾರ 'ಸೀಟಿ' ಅಂತ ಕರೆದರು. ಪಕ್ಕದವನು ಮಾತ್ರ ಬ್ಯಾಟರಿ ಬದಲಿಸುವುದನ್ನು ನೋಡಬೇಕೆಂದು ಹಟ ಹಿಡಿದ. ಇವನು ಬಟಾಣಿಯಷ್ಟೇ ಇರುವ ಬ್ಯಾಟರಿಯ ಸ್ಟಿಕರು ಕಿತ್ತು ಒಂದು ನಿಮಿಷ ಕಾಯಲು ಹೇಳಿದ. ಒಳಗಿನ ಸತುವಿಗೆ ಗಾಳಿ ತಾಗಿದರೇ ಕರೆಂಟು ಹುಟ್ಟುವುದು. ಕಿತ್ತ ಸ್ಟಿಕರನ್ನು ಮತ್ತೆ ಅಂಟಿಸಿ ಉಳಿತಾಯ ಮಾಡಲಾಗದು ಎಂದೂ ವಿವರಿಸಿದ. ಕ್ಲಾಸಿನಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಇಬ್ಬರೂ ಮುಂದಿನ ಬೆಂಚಿಗೆ ಬಂದರು. ಮಷೀನು ಮೇಷ್ಟ್ರ ಮಾತಿನ ಜೊತೆ ಫ್ಯಾನಿನ ಸದ್ದು, ಬೆಂಚಿನ ಗದ್ದಲವನ್ನೂ ಹಿಗ್ಗಿಸುತ್ತದೆ. ಅದಕ್ಕೇ ಹತ್ತಿರ ಕೂರಬೇಕು. ಬೋರ್ಡಿನ ಕಡೆ ತಿರುಗಿ ಹೇಳಿದ್ದನ್ನು ಗೆಳೆಯ ನೋಟ್ಸಿನ ಅಂಚಿನಲ್ಲಿ ಬರೆದುಕೊಡುತ್ತಿದ್ದ.

ದಸರಾ ರಜೆಯಲ್ಲಿ ನಾನೇ ಕ್ಷೌರಕ್ಕೆ ಕರೆದೊಯ್ದೆ. ಗೆಳೆಯನೂ ಬಂದಿದ್ದ. ಇವನು ಮಷೀನು ಬಿಚ್ಚಿ, ಬಾಗಿಲು ತೆರೆದು ಅವನ ಕೈಗಿಟ್ಟು ಕುರ್ಚಿಯಲ್ಲಿ ಕೂತ. "ಕಿವಿ ಮೇಲೆ ಪೂರ್ತಿ ತೆಗೀರಿ ಅಣ್ಣಾ" ಅಂದ, ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿ. ಅವರು ಏನೋ ಕೇಳಿದರು. ಇವನು ಕನ್ನಡಿಯಲ್ಲಿ ಗೆಳೆಯನ ಮುಖ ನೋಡಿದ.