ಆಫರ್ ಲೆಟರ್ ತೆರೆಯುವ ಮುನ್ನ

ಆಕ್ಸಿ ಇನ್ಫಿನಿಟಿ ಎಂಬ ಆನ್‌ಲೈನ್ ಆಟ ನಡೆಸುವ ಸ್ಕೈ ಮೇವಿಸ್ ಕಂಪನಿಯ ಹಿರಿಯ ಎಂಜಿನಿಯರ್ ಒಬ್ಬರಿಗೆ ಲಿಂಕ್ಡ್‌ಇನ್ ಮೂಲಕ ಹೊಸ ಕೆಲಸದ ಕರೆ ಬಂತು. ಹಲವು ಸುತ್ತಿನ ಸಂದರ್ಶನ ಮುಗಿದ ಮೇಲೆ ಭಾರಿ ಸಂಬಳ ಬರೆದಿದ್ದ ಆಫರ್ ಲೆಟರ್ ಪಿಡಿಎಫ್ ಆಗಿ ಕೈಸೇರಿತು. ಅವರು ಅದನ್ನು ತೆರೆದರು.

ಅಂಥದೊಂದು ಕಂಪನಿಯೇ ಇರಲಿಲ್ಲ. ಫೈಲಿನೊಳಗೆ ಅಡಗಿದ್ದ ಬೇಹುಗಾರಿಕೆ ತಂತ್ರಾಂಶದ ಬೆನ್ನು ಹಿಡಿದು ಕಳ್ಳರು ಕಂಪನಿಯ ಜಾಲದೊಳಕ್ಕೆ ಇಳಿದರು ಎಂದು 2022ರ ಜುಲೈನಲ್ಲಿ 'ದಿ ಬ್ಲಾಕ್' ಸುದ್ದಿತಾಣ ವರದಿ ಮಾಡಿತು. ಆಟದ ಹಣ ಹೊರಹೋಗಲು 9 ಒಪ್ಪಿಗೆ ಕೀಲಿಗಳಲ್ಲಿ 5 ಸಾಕಿತ್ತು. ಆ ಐದೂ ಅವರ ವಶವಾದವು. ಅದೇ ವರ್ಷದ ಮಾರ್ಚ್ 23ರಂದು ಸುಮಾರು 60 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಹಣ ಹೋಯಿತು. ಕಂಪನಿಗೆ ಅದು ಗೊತ್ತಾದದ್ದು ಆರು ದಿನಗಳ ನಂತರ. ಇದು ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸವೆಂದು ಅಮೆರಿಕದ ಎಫ್‌ಬಿಐ ಹೇಳಿತು.

ಇಲ್ಲಿ ಗಮನಿಸಬೇಕಾದದ್ದು ಆ ಸಂದರ್ಶನಗಳನ್ನು. ಮೋಸಗಾರರು ಮೊದಲ ದಿನವೇ ಏನನ್ನೂ ಕೇಳುವುದಿಲ್ಲ. ನಂಬಿಕೆ ಬೆಳೆಯಲು ಬಿಡುತ್ತಾರೆ. ಮಾತು ಎಷ್ಟು ನಯವಾಗಿದೆ ಎಂಬುದರಿಂದ ಅಸಲಿ, ನಕಲಿ ತಿಳಿಯದು. ಫೈಲ್, ಹಣ ಅಥವಾ ದಾಖಲೆಯ ಬೇಡಿಕೆ ಬಂದ ಗಳಿಗೆಯಲ್ಲಿ ನಿಂತು ವಿಚಾರಿಸಬೇಕು.

ವಿಚಾರಿಸುವುದು ಕಷ್ಟವೇನಲ್ಲ. ಲಿಂಕ್ಡ್‌ಇನ್ ಪ್ರೊಫೈಲಿನ More ಗುಂಡಿಯಡಿ About this profile ಎಂಬ ಭಾಗವಿದೆ. ಖಾತೆ ಯಾವಾಗ ತೆರೆದದ್ದು, ಫೋಟೊ ಯಾವಾಗ ಬದಲಾಗಿದೆ ಎಂಬುದು ಅಲ್ಲಿ ಸಿಗುತ್ತದೆ. ಹದಿನೈದು ವರ್ಷದ ಅನುಭವ ಹೇಳಿಕೊಳ್ಳುವವರ ಖಾತೆ ಹೋದ ತಿಂಗಳಿನದಾಗಿದ್ದರೆ ಅನುಮಾನಿಸಲೇಬೇಕು. ಆದರೆ ಹಳೆಯ ಖಾತೆಯನ್ನೂ ಕದಿಯಬಹುದು. ಹಾಗಾಗಿ ಅವರು ಕಳಿಸಿದ ಲಿಂಕ್ ಬಿಟ್ಟು, ಕಂಪನಿಯ ವೆಬ್‌ಸೈಟನ್ನು ತಾವೇ ಹುಡುಕಿ, ಆ ಹುದ್ದೆ ಅಲ್ಲಿದೆಯೇ ನೋಡಿ, ಅಲ್ಲಿರುವ ನಂಬರಿಗೇ ಫೋನ್ ಮಾಡುವುದು ಹೆಚ್ಚು ಭದ್ರ. ಇಮೇಲ್ ವಿಳಾಸದಲ್ಲಿ @ ನಂತರದ ಭಾಗವನ್ನು ಅಕ್ಷರ ಅಕ್ಷರವಾಗಿ ಓದಬೇಕು: ಕಂಪನಿಯ ಹೆಸರಿಗೆ -careers, -hr ಎಂದು ಬಾಲ ಅಂಟಿಸಿದ ನಕಲಿ ವಿಳಾಸಗಳು ಸಾಮಾನ್ಯ. ಆಫೀಸಿನ ಲ್ಯಾಪ್‌ಟಾಪಿನಲ್ಲಂತೂ ಇಂಥ ಫೈಲ್ ತೆರೆಯಲೇಬಾರದು.

ಕೆಲಸ ಹುಡುಕುವ ನಮ್ಮ ಹುಡುಗ ಹುಡುಗಿಯರನ್ನು ಹೆಚ್ಚು ಕಾಡುವುದು ಇದರ ಸಣ್ಣ ರೂಪ: ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಜೊತೆಗೆ ಆಧಾರ್ ಮತ್ತು ಪಾನ್ ಪ್ರತಿ. ರೆಸ್ಯೂಮೆಗೆ ಹುಟ್ಟಿದ ದಿನಾಂಕವಾಗಲಿ, ಮನೆಯ ಪೂರ್ತಿ ವಿಳಾಸವಾಗಲಿ ಬೇಕಿಲ್ಲ. ಊರು, ಫೋನ್, ಇಮೇಲ್ ಸಾಕು. ಗುರುತಿನ ಚೀಟಿ ಕೊಡುವುದು ಆಯ್ಕೆ ಖಚಿತವಾದ ಮೇಲೆ. ಆಗಲೂ ಆಧಾರ್ ತಾಣದಲ್ಲಿ ಸಿಗುವ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ನಡೆಯುತ್ತದೆಯೇ ಎಂದು ಕೇಳಬಹುದು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, cybercrime.gov.in ತಾಣದಲ್ಲೂ ದೂರು ಕೊಡಬೇಕು. ಬೇಗ ದೂರು ಹೋದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿಯದಂತೆ ತಡೆಹಿಡಿಯುವ ಅವಕಾಶ ಬ್ಯಾಂಕಿಗೆ ಹೆಚ್ಚು.