ಚಾರ್ಜ್ ಆಗದ ಫೋನು: ಮನೆಯಲ್ಲೇ ರಿಪೇರಿ ಆರಂಭಿಸುವವರಿಗೆ

ಈ ಸಲ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ ಮೂರು ನಾಲ್ಕು ಕುಟುಂಬಗಳು ಒಂದೇ ಪ್ರಶ್ನೆ ಕೇಳಿದವು. "ಮಾಸ್ತರ್, ಮಗನಿಗೆ ಮೊಬೈಲ್ ರಿಪೇರಿ ಕಲಿಸಬೇಕು ಅಂತಿದ್ದೇವೆ. ಚಿಪ್ ಲೆವೆಲ್ ಕೋರ್ಸಿಗೆ ದೊಡ್ಡ ಮೊತ್ತ ಕೇಳುತ್ತಾರೆ, ಸ್ಕಾಲರ್‌ಶಿಪ್ ಹಣ ಅದಕ್ಕೆ ಹಾಕಬಹುದಾ?" ನಾನು ಬೇಡ ಎಂದೆ. ಕಾರಣವನ್ನು ಅವರಿಗೆ ನಿಂತಲ್ಲೇ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮನೆಯಲ್ಲಿ ಕುಳಿತು ರಿಪೇರಿ ಮಾಡುವವರ ಹತ್ತಿರ ಬರುವ ಕೆಲಸಗಳಲ್ಲಿ ಹೆಚ್ಚಿನವು ಮೂರೇ ಬಗೆ: ಚಾರ್ಜ್ ಆಗುತ್ತಿಲ್ಲ, ಬ್ಯಾಟರಿ ನಿಲ್ಲುತ್ತಿಲ್ಲ, ಡಿಸ್‌ಪ್ಲೇ ಒಡೆದಿದೆ. ಈ ಮೂರಕ್ಕೂ ಮದರ್‌ಬೋರ್ಡಿನ ಚಿಪ್ ಕೀಳುವ ವಿದ್ಯೆ ಬೇಕಿಲ್ಲ. ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಸೆಲ್‌ಫೋನ್ ರಿಪೇರಿಯ 30 ದಿನದ ತರಬೇತಿಯನ್ನು ಊಟ ವಸತಿ ಸಹಿತ ಉಚಿತವಾಗಿ ಕೊಡುತ್ತವೆ. ಕೋಲಾರ ಜಿಲ್ಲೆಗೂ ಆರ್‌ಸೆಟಿ ಇದೆ. ಗ್ರಾಮೀಣ ಬಡ ಕುಟುಂಬದವರಿಗೆ ಆದ್ಯತೆ ಇರುವುದರಿಂದ ಪಡಿತರ ಚೀಟಿ, ಆಧಾರ್ ಹಿಡಿದು ಹೋಗಿ ವಿಚಾರಿಸಿ. ಆರಂಭಕ್ಕೆ ಅಷ್ಟು ಕಲಿಕೆ ಸಾಕು.

ನಮ್ಮ ಊರಿನಲ್ಲಿ ಈ ಕೆಲಸ ಮನೆಯಿಂದ ನಡೆಯಲು ಇನ್ನೊಂದು ಕಾರಣವೂ ಇದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವವರು ಬೆಂಗಳೂರಿನ ರೈಲಿಗೆ ಬಿದ್ದರು. ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ನಸುಕಿನಲ್ಲಿ ರೈಲು ಹತ್ತುವವರು ರಾತ್ರಿ ಇಳಿಯುವ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳು ಬಾಗಿಲು ಹಾಕಿರುತ್ತವೆ. ರಾತ್ರಿ ಫೋನು ತೆಗೆದುಕೊಂಡು ಬೆಳಿಗ್ಗೆ ರೈಲಿಗೆ ಮುಂಚೆ ಕೊಡುವವರು ಪಕ್ಕದ ಗಲ್ಲಿಯಲ್ಲಿದ್ದರೆ ಅವರು ಬೇರೆ ಕಡೆ ಹೋಗುವುದಿಲ್ಲ. ಮನೆಯ ಫೋಟೋಗಳಿರುವ ಫೋನನ್ನು ಅಪರಿಚಿತರ ಕೈಗೆ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳೂ ಬಹಳ ಇದ್ದಾರೆ. ಕೆಲಸ ಕಲಿತವಳು ಹುಡುಗಿಯಾದರೆ ಆ ಫೋನುಗಳೆಲ್ಲ ಅವಳ ಮೇಜಿಗೇ ಬರುತ್ತವೆ.

ಮೇಜಿನ ಮೇಲೆ ಬೇಕಾದದ್ದು ಇಷ್ಟು: ಸಣ್ಣ ಸ್ಕ್ರೂಡ್ರೈವರ್ ಸೆಟ್, ತುದಿ ಸಣ್ಣಗಿರುವ ಚಿಮುಟ, ಹಿಂಬದಿ ಬಿಚ್ಚಲು ಪ್ಲಾಸ್ಟಿಕ್ ಪಟ್ಟಿ, ಡಿಜಿಟಲ್ ಮಲ್ಟಿಮೀಟರ್, ಯುಎಸ್‌ಬಿ ಮೀಟರ್, ಮೃದು ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಕೂದಲು ಒಣಗಿಸುವ ಡ್ರೈಯರ್, ಅಂಟು, ಒಳ್ಳೆಯ ದೀಪ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೆ ಮೂರು ನಾಲ್ಕು ಸಾವಿರ ರೂಪಾಯಿಯೊಳಗೆ ಎಲ್ಲವೂ ಸಿಗುತ್ತದೆ. ಸೋಲ್ಡರಿಂಗ್ ಐರನ್ ಮೊದಲ ದಿನವೇ ಬೇಡ. ಆದರೆ ಯುಎಸ್‌ಬಿ ಮೀಟರ್ ಮಾತ್ರ ಬಿಡಬೇಡಿ. ಬೆರಳಷ್ಟು ಉದ್ದದ ಆ ಸಾಮಾನು ಚಾರ್ಜರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವಂಥದು. ಎಷ್ಟು ವೋಲ್ಟ್ ಇದೆ, ಎಷ್ಟು ಆಂಪಿಯರ್ ಫೋನಿನೊಳಗೆ ಹರಿಯುತ್ತಿದೆ ಎಂದು ತೋರಿಸುತ್ತದೆ. ನಾನು ಹತ್ತನೇ ತರಗತಿಗೆ ಕರಿಹಲಗೆಯ ಮೇಲೆ ವರ್ಷಗಟ್ಟಲೆ ಬರೆದ ವೋಲ್ಟ್ ಮತ್ತು ಆಂಪಿಯರ್‌ಗಳು ಇಲ್ಲಿ ಕೂಲಿ ತರುತ್ತವೆ.

ಚಾರ್ಜ್ ಆಗದ ಒಂದು ಫೋನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಂಡರ್ಸನ್‌ಪೇಟೆಯ ಹುಡುಗನೊಬ್ಬ ಇದನ್ನು ನನ್ನ ಎದುರಿಗೇ ಮಾಡಿದ. ಫೋನು ತಂದವರು ಬೆಂಗಳೂರಿಗೆ ದಿನಾ ಹೋಗುವ ಗಾರ್ಮೆಂಟ್ಸ್ ಕೆಲಸಗಾರರು. ಅಗ್ಗದ ಆಂಡ್ರಾಯ್ಡ್ ಫೋನು ಆನ್ ಆಗುತ್ತಿರಲಿಲ್ಲ. "ಬ್ಯಾಟರಿ ಹೋಗಿದೆ, ಹೊಸದು ಹಾಕಪ್ಪ" ಎಂದರು. ಅವನು ತಕ್ಷಣ ಒಪ್ಪಲಿಲ್ಲ. ತನ್ನ ಮನೆಯಲ್ಲಿ ದಿನವೂ ಬಳಸುವ ಚಾರ್ಜರ್, ಕೇಬಲ್ ತಂದು ಮೀಟರ್ ಮೂಲಕ ಸಿಕ್ಕಿಸಿದ. ವೋಲ್ಟೇಜ್ 5.1, ಕರೆಂಟ್ 0.00. ಅಂದರೆ ಚಾರ್ಜರ್ ಕೊಡುತ್ತಿದೆ, ಫೋನು ತೆಗೆದುಕೊಳ್ಳುತ್ತಿಲ್ಲ. ಕೇಬಲ್ಲಿನ ತುದಿಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಒತ್ತಿದಾಗ 0.4 ಬಂತು, ಬಿಟ್ಟಾಗ ಮತ್ತೆ ಸೊನ್ನೆ. ಬ್ಯಾಟರಿಯೊಂದೇ ಕೆಟ್ಟಿದ್ದರೆ ಕೇಬಲ್ ಒತ್ತಿದಾಗ ಅಂಕಿ ಹೀಗೆ ಜಿಗಿಯುವುದಿಲ್ಲ. ದೋಷ ಬಾಯಿಯಲ್ಲೇ, ಅಂದರೆ ಪೋರ್ಟಿನಲ್ಲೇ ಇದೆ.

ಟಾರ್ಚ್ ಹಾಕಿ ನೋಡಿದಾಗ ಒಳಗೆ ಜೇಬಿನ ಹತ್ತಿ ಗಟ್ಟಿಯಾಗಿ ಕೂತಿತ್ತು. ಹಲ್ಲುಕಡ್ಡಿಯ ಮರದ ತುದಿಯಿಂದ ಅದನ್ನು ಕೆದಕಿ ತೆಗೆದು, ಬ್ರಷ್ಷಿಗೆ ಎರಡು ಹನಿ ಆಲ್ಕೊಹಾಲ್ ಹಾಕಿ ಒರೆಸಿದ. ಇಲ್ಲಿ ಗುಂಡುಪಿನ್ ಬಳಸಬಾರದು, ಒಳಗಿನ ತೆಳ್ಳನೆಯ ಕಾಲುಗಳು ಬಾಗಿದರೆ ಇದ್ದ ಪೋರ್ಟೂ ಹೋಯಿತು. ಬಹಳ ಫೋನುಗಳು ಈ ಹಂತದಲ್ಲೇ ಸರಿಯಾಗುತ್ತವೆ. ಇದು ಆಗಲಿಲ್ಲ, ಅಂಕಿ ಸೊನ್ನೆಯಲ್ಲೇ ನಿಂತಿತು.

ಇನ್ನು ಬಿಚ್ಚಲೇಬೇಕು. ಮೊದಲು ಸಿಮ್ ಟ್ರೇ ಹೊರಗೆ ತೆಗೆದ. ಅದನ್ನು ಮರೆತು ಬೋರ್ಡ್ ಎತ್ತಿದರೆ ಟ್ರೇ ಸಿಕ್ಕಿಕೊಂಡು ಒಳಗಿನ ಭಾಗ ಮುರಿಯುತ್ತದೆ. ಹಿಂಬದಿಯನ್ನು ಪೂರ್ತಿ ಎಳೆಯದೆ ಸ್ವಲ್ಪವೇ ಎತ್ತಿ ಇಣುಕಿದ, ಏಕೆಂದರೆ ಕೆಲವು ಫೋನುಗಳಲ್ಲಿ ಬೆರಳಚ್ಚಿನ ಸೆನ್ಸರಿನ ಪಟ್ಟಿ ಹಿಂಬದಿಗೇ ಅಂಟಿರುತ್ತದೆ. ತೆಗೆದ ಪ್ರತಿ ಸ್ಕ್ರೂವನ್ನು ಕಾಗದದ ಮೇಲೆ ಫೋನಿನ ಚಿತ್ರ ಬರೆದು ಅದೇ ಜಾಗದಲ್ಲಿ ಇಟ್ಟ. ಇದು ಅತಿಯಾಯಿತು ಎಂದು ನಿಮಗನ್ನಿಸಬಹುದು. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದು ಹಾಕಿದರೆ ಅದು ಕೆಳಗಿನ ಬೋರ್ಡನ್ನೋ ಡಿಸ್‌ಪ್ಲೇಯನ್ನೋ ಚುಚ್ಚುತ್ತದೆ, ಆ ನಷ್ಟ ರಿಪೇರಿ ಮಾಡಿದವನದೇ. ನಂತರ ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದ.

ಬ್ಯಾಟರಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆದಾಗ 3.3 ವೋಲ್ಟ್ ಇತ್ತು. ಪೂರ್ತಿ ತುಂಬಿದ ಫೋನ್ ಬ್ಯಾಟರಿ 4.2ರಿಂದ 4.4 ತೋರಿಸುತ್ತದೆ. 3.3 ಎಂದರೆ ಹಸಿದಿದೆ, ಸತ್ತಿಲ್ಲ. ಮೂರಕ್ಕಿಂತ ಕೆಳಗೆ ಹೋಗಿದ್ದರೆ ಫೋನು ಮೊದಲು ಬಹಳ ಕಡಿಮೆ ಕರೆಂಟ್ ತೆಗೆದುಕೊಳ್ಳುತ್ತದೆ, ಇಪ್ಪತ್ತು ನಿಮಿಷ ಕಾದು ನೋಡಬೇಕು. ಒಂದು ಎಚ್ಚರಿಕೆ: ಮಲ್ಟಿಮೀಟರಿನ ಕೆಂಪು ತಂತಿ 10 ಆಂಪಿಯರ್ ತೂತಿನಲ್ಲಿದ್ದರೆ ಬ್ಯಾಟರಿಗೆ ತಾಗಿಸಿದ ಕ್ಷಣವೇ ಶಾರ್ಟ್ ಆಗುತ್ತದೆ. ಪ್ರತಿ ಸಲವೂ ತಂತಿ ಎಲ್ಲಿದೆ, ಗುಂಡಿ ಡಿಸಿ 20 ವೋಲ್ಟಿನಲ್ಲಿದೆಯೇ ಎಂದು ನೋಡಿಕೊಂಡೇ ಮುಟ್ಟಬೇಕು.

ಅಗ್ಗದ ಫೋನುಗಳ ಒಂದು ಒಳ್ಳೆಯ ಗುಣ ಇಲ್ಲಿ ನೆರವಿಗೆ ಬರುತ್ತದೆ. ಅವುಗಳಲ್ಲಿ ಅನೇಕವಕ್ಕೆ ಚಾರ್ಜಿಂಗ್ ಪೋರ್ಟ್ ಮದರ್‌ಬೋರ್ಡಿನ ಮೇಲೆ ಇರುವುದಿಲ್ಲ. ಕೆಳಗಡೆ ಬೇರೆಯದೇ ಒಂದು ಪುಟ್ಟ ಬೋರ್ಡಿನ ಮೇಲಿರುತ್ತದೆ, ಅದಕ್ಕೆ ಸಬ್ ಬೋರ್ಡ್ ಎನ್ನುತ್ತಾರೆ. ಕೆಲವು ಸ್ಕ್ರೂ, ಒಂದೆರಡು ಕನೆಕ್ಟರ್ ಬಿಚ್ಚಿದರೆ ಅದು ಕೈಗೆ ಬರುತ್ತದೆ, ಬೆಸುಗೆ ಬೇಕಿಲ್ಲ. ಹುಡುಗ ಬೋರ್ಡಿನ ಮೇಲಿನ ಸಂಖ್ಯೆಯ ಫೋಟೋ ತೆಗೆದು ರೈಲಿಗೆ ಹೋಗುವ ಅಣ್ಣನಿಗೆ ಕಳಿಸಿದ. ಒಂದೇ ಹೆಸರಿನ ಫೋನಿನಲ್ಲೂ ಎರಡು ಮೂರು ಬಗೆಯ ಬೋರ್ಡ್ ಇರುವುದರಿಂದ ಮಾಡೆಲ್ ಹೆಸರಷ್ಟೇ ಹೇಳಿದರೆ ಸಾಲದು. 150 ರೂಪಾಯಿಯ ಬೋರ್ಡ್ ರಾತ್ರಿ ಬಂತು. ಅಂಟು ಹಾಕುವ ಮೊದಲೇ ಜೋಡಿಸಿ ಮೀಟರ್ ನೋಡಿದ: 5.0 ವೋಲ್ಟ್, 1.4 ಆಂಪಿಯರ್. ಅದೇ ಬೋರ್ಡಿನಲ್ಲಿ ಮೈಕ್ ಕೂಡ ಇರುವುದರಿಂದ ಒಂದು ಕರೆ ಮಾಡಿ ಮಾತು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ ಆಮೇಲೆ ಮುಚ್ಚಿದ. ಕೂಲಿ 200 ಸೇರಿ 350 ರೂಪಾಯಿ ಪಡೆದ. ಕೇಳಿದ ಹಾಗೆ ಬ್ಯಾಟರಿ ಹಾಕಿದ್ದರೆ ಹೆಚ್ಚು ಹಣ ಹೋಗಿ ಫೋನು ಹಾಗೇ ಇರುತ್ತಿತ್ತು.

ಮೀಟರ್ ಓದುವಾಗ ಹೊಸಬರು ಮೋಸಹೋಗುವುದು ಒಂದು ಕಡೆ. ಬ್ಯಾಟರಿ ತುಂಬುತ್ತ ಬಂದ ಹಾಗೆ ಕರೆಂಟ್ ತಾನಾಗಿ ಇಳಿಯುತ್ತದೆ. ಶೇಕಡ 95 ತುಂಬಿದ ಫೋನಿನಲ್ಲಿ 0.2 ನೋಡಿ ಪೋರ್ಟ್ ಕೆಟ್ಟಿದೆ ಎನ್ನಬಾರದು. ಅರ್ಧಕ್ಕಿಂತ ಕಡಿಮೆ ಇದ್ದಾಗಲೇ ಅಳೆಯಿರಿ. ಹೊಸ ಸಬ್ ಬೋರ್ಡ್, ಒಳ್ಳೆಯ ಬ್ಯಾಟರಿ ಎರಡೂ ಇದ್ದು ಅಂಕಿ ಸೊನ್ನೆಯೇ ಆದರೆ ದೋಷ ಮದರ್‌ಬೋರ್ಡಿನಲ್ಲಿರುವ ಸಂಭವ ಹೆಚ್ಚು. ಆಗ ಕೂಲಿ ಕೇಳದೆ ವಾಪಸ್ ಕೊಟ್ಟು, ಅನುಭವಸ್ಥರ ಹತ್ತಿರ ಕಳಿಸಿ. ಬಿಸಿಗಾಳಿ ಹೊಡೆದು ಪ್ರಯೋಗ ಮಾಡಿದರೆ ಅವರೂ ಸರಿಮಾಡಲಾಗದ ಸ್ಥಿತಿಗೆ ತಲುಪುತ್ತದೆ.

ಉಬ್ಬಿದ ಬ್ಯಾಟರಿ ಬಂದರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಲೋಹದ ತುದಿಯಿಂದ ಎಬ್ಬಬೇಡಿ. ಚುಚ್ಚಿದರೆ ಬೆಂಕಿ ಹೊತ್ತುತ್ತದೆ. ಒಣ ಮರಳು ತುಂಬಿದ ತಗಡಿನ ಡಬ್ಬಿ ಮೇಜಿನ ಕೆಳಗೆ ಇರಲಿ, ತೆಗೆದ ಹಳೆಯ ಬ್ಯಾಟರಿಗಳು ಅದರಲ್ಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸಕ್ಕೆ ಬಾಗಿಲು ಹಾಕಬಹುದಾದ ಜಾಗವೇ ಆಗಬೇಕು.

ಲ್ಯಾಪ್‌ಟಾಪ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೊದಲ ವರ್ಷ ಫ್ಯಾನಿನ ಧೂಳು ತೆಗೆಯುವುದು, ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕುವುದು, ಬ್ಯಾಟರಿ ಬದಲಿಸುವುದು, ಇಷ್ಟಕ್ಕೇ ನಿಲ್ಲಿಸಿ. ಬ್ಯಾಟರಿ ನಿಜಕ್ಕೂ ಸವೆದಿದೆಯೇ ಎಂದು ವಿಂಡೋಸ್ ತಾನೇ ಹೇಳುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಟೈಪ್ ಮಾಡಿ:

```
powercfg /batteryreport
```

ಬರುವ ವರದಿಯಲ್ಲಿ `DESIGN CAPACITY` ಮತ್ತು `FULL CHARGE CAPACITY` ಎಂಬ ಎರಡು ಅಂಕಿ ನೋಡಿ. ಮೊದಲನೆಯದು 40,000, ಎರಡನೆಯದು 16,000 ಇದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇಕಡ 40 ಮಾತ್ರ. ಗ್ರಾಹಕರಿಗೆ ಆ ಪರದೆಯನ್ನೇ ತೋರಿಸಿ. ಡಿಸ್ಕ್ ಬದಲಿಸುವ ಮೊದಲು ಮಾತ್ರ ಅವರ ಫೈಲುಗಳ ನಕಲು ಬೇರೆ ಕಡೆ ಇದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ವಿದ್ಯಾರ್ಥಿಯ ಪ್ರಾಜೆಕ್ಟ್ ಕಳೆದರೆ ಯಾವ ಕೂಲಿಯೂ ಅದನ್ನು ತುಂಬಿಕೊಡದು.

ಕೊನೆಗೆ ಪೋಷಕರು ಗಮನಿಸಬೇಕಾದ ಮಾತು. ನನಗೆ ಗೊತ್ತಿರುವ ಒಬ್ಬ ಹುಡುಗ ಕದ್ದ ಫೋನೆಂದು ತಿಳಿಯದೆ ಲಾಕ್ ತೆಗೆದುಕೊಟ್ಟು ಠಾಣೆಗೆ ಹದಿನೈದು ದಿನ ಅಲೆದ. ಅವನ ಹತ್ತಿರ ಫೋನು ತಂದವನ ಹೆಸರು ಕೂಡ ಇರಲಿಲ್ಲ. ಆದ್ದರಿಂದ ಪುಸ್ತಕವಿಲ್ಲದೆ ಕೆಲಸ ಬೇಡ. ದಿನಾಂಕ, ತಂದವರ ಹೆಸರು, ವಿಳಾಸ, ದೂರು, ತಂದಾಗ ಇದ್ದ ಗೀರುಗಳು, ಐಎಂಇಐ ಸಂಖ್ಯೆ, ಒಪ್ಪಿದ ಮೊತ್ತ, ಸಹಿ. ಫೋನಿನಲ್ಲಿ `*#06#` ಒತ್ತಿದರೆ ಐಎಂಇಐ ಬರುತ್ತದೆ, ಫೋನು ಸತ್ತಿದ್ದರೆ ಡಬ್ಬದ ಮೇಲೋ ಬಿಲ್ಲಿನಲ್ಲೋ ಇರುತ್ತದೆ. `KYM` ಎಂದು ಬರೆದು ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಸಂಖ್ಯೆಯ ಸ್ಥಿತಿ ತಿಳಿಯುತ್ತದೆ. ಬಿಲ್ ಇಲ್ಲದ ಫೋನಿನ ಲಾಕ್ ತೆಗೆಯುವ ಕೆಲಸ ಒಪ್ಪಬೇಡಿ. ಐಎಂಇಐ ಬದಲಿಸಿಕೊಡಿ ಎಂದು ಯಾರಾದರೂ ಎಷ್ಟೇ ಹಣ ತೋರಿಸಿದರೂ ಕಳಿಸಿಬಿಡಿ, ಅದು ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಪಾಸ್‌ವರ್ಡ್ ಕೇಳಬೇಡಿ, ಪರೀಕ್ಷೆಗೆ ಅನ್‌ಲಾಕ್ ಬೇಕಾದರೆ ಮಾಲೀಕರ ಎದುರಿಗೇ ಮಾಡಿ. ಗ್ಯಾಲರಿ ತೆರೆಯುವ ಕಾರಣ ರಿಪೇರಿಯವನಿಗೆ ಎಂದೂ ಬರುವುದಿಲ್ಲ. ಕೈಗೆ ಬಂದ ಫೋನು ಅಮಾನತ್.

ಟೂಲ್‌ಕಿಟ್ ನೆರವು ಕೇಳುವ ಕುಟುಂಬಗಳು ಅರ್ಜಿಯ ಜೊತೆ ತರಬೇತಿಯ ಪ್ರಮಾಣಪತ್ರದ ನಕಲು, ಮನೆಯ ಅಥವಾ ನೆಂಟರ ಹಳೆಯ ಫೋನುಗಳ ಮೇಲೆ ಮಾಡಿದ ಹತ್ತು ಕೆಲಸಗಳ ವಿವರವಿರುವ ಪುಸ್ತಕ ತರಬೇಕೆಂದು ನಾನು ಸಮಿತಿಗೆ ಕೇಳಿಕೊಂಡಿದ್ದೇನೆ. ಆ ಹತ್ತರಲ್ಲಿ ಸರಿಯಾಗದ್ದೂ ಇರಲಿ, ಮೀಟರ್ ಎಷ್ಟು ತೋರಿಸಿತು ಎಂಬುದು ಪ್ರತಿಯೊಂದರ ಮುಂದೆಯೂ ಬರೆದಿರಲಿ.